ಪರ 24, ವಿರೋಧ 26: ಕೈ ಎಣಿಸಿದ ಠರಾವನ್ನು ನಡಾವಳಿಯಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ಸರ್, ಬಳ್ಳಾರಿಯ ಹೊರವಲಯದಲ್ಲಿರುವ ನಮ್ಮ ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ನಾನು ಹೊಸ ಕಾರ್ಯದರ್ಶಿ. ಒಟ್ಟು 112 ಸದಸ್ಯರಿದ್ದಾರೆ. ಹೋದ ಭಾನುವಾರ ನಡೆದ ಸರ್ವಸದಸ್ಯರ ಸಭೆಯಲ್ಲಿ ನೀರಿನ ಸಂಪು ಮತ್ತು ಪಂಪಿಗಾಗಿ ಮನೆಗೆ 6,000 ರೂಪಾಯಿ ವಂತಿಗೆ ಹಾಕುವ ವಿಷಯ ಬಂತು. ಒಬ್ಬರು 4,000 ಸಾಕು ಎಂದು ತಿದ್ದುಪಡಿ ತಂದರು. ಕೈ ಎತ್ತಿಸಿ ಎಣಿಸಿದೆವು. ತಿದ್ದುಪಡಿಗೆ ಪರ 24, ವಿರೋಧ 26, ತಟಸ್ಥ 2. ಆಮೇಲೆ 6,000ಕ್ಕೆ ಪರ 29, ವಿರೋಧ 19, ತಟಸ್ಥ 4. ಹಾಜರಾತಿ ಪುಸ್ತಕದಲ್ಲಿ 61 ಸಹಿಗಳಿವೆ. ಅವುಗಳಲ್ಲಿ ನಾಲ್ಕು ಸದಸ್ಯರ ಹೆಂಡತಿ, ಮಕ್ಕಳು ಹಾಕಿದವು. ಅವರೂ ಕೈ ಎತ್ತಿದ್ದಾರೆ ಎಂದು ಈಗ ವಾಟ್ಸ್ಆ್ಯಪ್‌ನಲ್ಲಿ ಗಲಾಟೆ ನಡೆದಿದೆ. ನಮ್ಮ ಹಳೆಯ ಗುಮಾಸ್ತರು "ಸರ್ವಾನುಮತದಿಂದ ಅಂಗೀಕರಿಸಲಾಯಿತು ಎಂದು ಬರೆದುಬಿಡಿ, ಮೊದಲಿನಿಂದ ಹಾಗೇ ಬರೆಯುತ್ತ ಬಂದಿದ್ದೇವೆ" ಎನ್ನುತ್ತಾರೆ. ನಾನಿನ್ನೂ ನಡಾವಳಿ ಬರೆದಿಲ್ಲ. ಹೇಗೆ ಬರೆಯಲಿ?

ಉತ್ತರ: ಗುಮಾಸ್ತರ ಮಾತನ್ನು ಮಾತ್ರ ಕೇಳಬೇಡಿ. ಹತ್ತೊಂಬತ್ತು ಜನ ಎಲ್ಲರ ಕಣ್ಣೆದುರು ವಿರೋಧವಾಗಿ ಕೈ ಎತ್ತಿರುವಾಗ "ಸರ್ವಾನುಮತ" ಎಂದು ಬರೆದರೆ ಅದು ಸುಳ್ಳು ದಾಖಲೆ. ಆ ಹತ್ತೊಂಬತ್ತರಲ್ಲಿ ಒಬ್ಬರು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಸಾಕು, ಆ ಒಂದು ಪದದಿಂದಾಗಿ ಇಡೀ ಪುಟದ ಮೇಲಿನ ನಂಬಿಕೆ ಹೋಗುತ್ತದೆ. ಸರಿಯಾಗಿ ಬರೆದ ಉಳಿದ ಠರಾವುಗಳಿಗೂ ಅದೇ ಗತಿ. ಸಂಘಗಳ ಲೆಕ್ಕ ನೋಡುತ್ತ ಬಂದವನಾಗಿ ಹೇಳುತ್ತೇನೆ: ಹತ್ತು ವರ್ಷಗಳ ನಡಾವಳಿಯಲ್ಲಿ ಪ್ರತಿ ಠರಾವೂ ಸರ್ವಾನುಮತದ್ದೇ ಆಗಿದ್ದರೆ ನನಗೆ ಸಮಾಧಾನವಾಗುವುದಿಲ್ಲ, ಅನುಮಾನವಾಗುತ್ತದೆ. ಅರವತ್ತು ಮನೆಯವರು ಕೂತು ದುಡ್ಡಿನ ವಿಷಯದಲ್ಲಿ ಒಮ್ಮೆಯೂ ಭಿನ್ನ ಮಾತಾಡದ ಬಡಾವಣೆಯನ್ನು ನಾನಂತೂ ನಮ್ಮ ಭಾಗದಲ್ಲಿ ಕಂಡಿಲ್ಲ.

ಮತ ಹಾಕಿದವರೆಲ್ಲರೂ ಪರವಾಗಿದ್ದು, ಯಾರೂ ತಟಸ್ಥರಾಗಿ ಉಳಿಯದಿದ್ದರೆ "ಸರ್ವಾನುಮತ" ಎನ್ನಿ. ಇಬ್ಬರು ತಟಸ್ಥರಾಗಿದ್ದು ಯಾರೂ ವಿರೋಧಿಸದಿದ್ದರೆ "ಯಾರ ವಿರೋಧವೂ ಇಲ್ಲದೆ" ಎಂದು ಬರೆದು ತಟಸ್ಥರ ಸಂಖ್ಯೆಯನ್ನೂ ಕೊಡಿ. ಉಳಿದದ್ದೆಲ್ಲ ಬಹುಮತ, ಬಹುಮತವೆಂದ ಮೇಲೆ ಅಂಕಿ ಇರಲೇಬೇಕು.

ಇನ್ನು ನಿಮ್ಮ ನಿಜವಾದ ತೊಡಕಿಗೆ ಬರೋಣ. ನಿಮ್ಮ ಮುಂದೆ ಮೂರು ಬೇರೆ ಬೇರೆ ಸಂಖ್ಯೆಗಳಿವೆ, ಅವನ್ನು ಒಂದರೊಳಗೊಂದು ಬೆರೆಸಬಾರದು. ಪುಸ್ತಕದಲ್ಲಿರುವ ಸಹಿಗಳು 61. ಅವುಗಳಲ್ಲಿ ಸದಸ್ಯರ ಸಹಿಗಳು 57. ಮತ ಎಣಿಸಿದಾಗ ಲೆಕ್ಕಕ್ಕೆ ಸಿಕ್ಕವರು ಎರಡೂ ಸಲ 52: ಮೊದಲ ಸಲ 24, 26, 2, ಎರಡನೆಯ ಸಲ 29, 19, 4. ಎರಡೂ ಮೊತ್ತ ಒಂದೇ ಬಂದಿರುವುದು ಒಳ್ಳೆಯ ಲಕ್ಷಣ. ಎಣಿಸಿದವರು ಮನಸ್ಸಿಟ್ಟು ಎಣಿಸಿದ್ದಾರೆ, ಎರಡು ಎಣಿಕೆಗಳ ನಡುವೆ ಎದ್ದು ಹೋದವರೂ ಇಲ್ಲವೆಂದು ಕಾಣುತ್ತದೆ. ತಟಸ್ಥರನ್ನೂ ಎಣಿಸಿದ್ದಕ್ಕೇ ಈ ತಾಳೆ ನೋಡಲು ಸಾಧ್ಯವಾಯಿತು. ಬಹಳಷ್ಟು ಸಂಘಗಳು ಪರ, ವಿರೋಧ ಎರಡನ್ನೇ ಎಣಿಸಿ ಕೈ ತೊಳೆದುಕೊಳ್ಳುತ್ತವೆ. ಆಗ ಸಭಾಂಗಣದಲ್ಲಿ ಎಷ್ಟು ಜನ ಇದ್ದರು ಎಂಬುದಕ್ಕೆ ಆಮೇಲೆ ಯಾವ ಆಧಾರವೂ ಸಿಗುವುದಿಲ್ಲ.

ಹಾಗಾದರೆ 57 ಮತ್ತು 52ರ ನಡುವಿನ ಐವರು ಎಲ್ಲಿ ಹೋದರು? ಸಹಿ ಹಾಕಿ, ಚಹಾ ಕುಡಿದು, ಊಟದ ಹೊತ್ತಾಯಿತೆಂದು ಮನೆಗೆ ಹೋಗಿರಬಹುದು. ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಇನ್ನೊಂದು ಸಾಧ್ಯತೆಯಲ್ಲಿ. ಆ 52 ಕೈಗಳಲ್ಲಿ ಸದಸ್ಯರಲ್ಲದ ನಾಲ್ವರ ಕೈಗಳೂ ಸೇರಿದ್ದರೆ ಮತ ಹಾಕಿದ ಸದಸ್ಯರು 48 ಮಾತ್ರ, ಎದ್ದು ಹೋದವರು ಐವರಲ್ಲ, ಒಂಬತ್ತು ಜನ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಒಬ್ಬ ಸದಸ್ಯರಿಗೆ ಒಂದೇ ಮತ. ಅದನ್ನು ಅವರೇ ಬಂದು ಹಾಕಬೇಕು, ಅವರ ಪರವಾಗಿ ಇನ್ನೊಬ್ಬರು ಹಾಕುವಂತಿಲ್ಲ. ಮಗ ಎಷ್ಟೇ ದೊಡ್ಡವನಾಗಿರಲಿ, ಮನೆಯ ಸಾಲ ತೀರಿಸುತ್ತಿರುವುದು ಹೆಂಡತಿಯೇ ಆಗಿರಲಿ, ಸದಸ್ಯತ್ವ ಅವರ ಹೆಸರಿನಲ್ಲಿ ಇಲ್ಲದಿದ್ದರೆ ಅವರ ಕೈ ಲೆಕ್ಕಕ್ಕಿಲ್ಲ.

ಈಗ ಒಂದು ಸರಳ ಲೆಕ್ಕ ಹಾಕಿ. ಅನುಮಾನದ ಮತಗಳು ನಾಲ್ಕು. ಆ ನಾಲ್ಕನ್ನು ಗೆದ್ದ ಪಕ್ಷದಿಂದ ಪೂರ್ತಿ ಕಳೆದರೆ ಫಲಿತಾಂಶ ನಿಲ್ಲುತ್ತದೆಯೇ? 6,000ದ ಠರಾವಿನಲ್ಲಿ ಪರ 29ರಿಂದ ನಾಲ್ಕು ಕಳೆದರೆ 25, ವಿರೋಧ 19. ಠರಾವು ನಿಲ್ಲುತ್ತದೆ. ತಿದ್ದುಪಡಿಯಲ್ಲಿ ಗೆದ್ದದ್ದು ವಿರೋಧ ಪಕ್ಷ. 26ರಿಂದ ನಾಲ್ಕು ಕಳೆದರೆ 22, ಪರ 24. ಫಲಿತಾಂಶ ತಿರುಗಿಬಿದ್ದಿತು! ಎರಡೇ ಕೈ ಕಳೆದರೂ 24ಕ್ಕೆ 24, ಆಗ ಸಮಬಲ, ಅಧ್ಯಕ್ಷರ ನಿರ್ಣಾಯಕ ಮತದ ಪ್ರಶ್ನೆ. ತಿದ್ದುಪಡಿ ಗೆದ್ದಿದ್ದರೆ ಎರಡನೆಯ ಸಲ ಮತಕ್ಕೆ ಬರಬೇಕಾದದ್ದು 4,000ದ ಠರಾವು, 6,000 ಸಭೆಯ ಮುಂದೆ ಬರುತ್ತಲೇ ಇರಲಿಲ್ಲ. ಆದ್ದರಿಂದ "29ಕ್ಕೆ 19, ಹತ್ತು ಮತಗಳ ಅಂತರವಿದೆಯಲ್ಲ" ಎಂಬ ಸಮಾಧಾನ ಇಲ್ಲಿ ಸಲ್ಲದು. ತಳಪಾಯವೇ ಎರಡು ಮತಗಳ ಮೇಲೆ ನಿಂತಿದೆ. ವಾಟ್ಸ್ಆ್ಯಪ್‌ನಲ್ಲಿ ಕೂಗಾಡುತ್ತಿರುವವರು ಈ ಲೆಕ್ಕ ಹಾಕಿದ್ದಾರೋ ಇಲ್ಲವೋ ಗೊತ್ತಿಲ್ಲ, ಆದರೆ ಅವರ ತಕರಾರಿನಲ್ಲಿ ಹುರುಳಿದೆ.

ಇಂಥ ಹೊತ್ತಿನಲ್ಲಿ ಕಾರ್ಯದರ್ಶಿಯ ಕೈ ಎರಡು ಕಡೆ ಹರಿಯಲು ನೋಡುತ್ತದೆ. ಒಂದು, ಹಾಜರಾತಿ ಪುಸ್ತಕದ ನಾಲ್ಕು ಸಹಿಗಳ ಮೇಲೆ ವೈಟ್ನರ್ ಬಳಿಯುವುದು. ಎರಡು, ನಡಾವಳಿಯಲ್ಲೇ ನಾಲ್ಕು ಮತ ಕಳೆದು "ಸರಿಪಡಿಸಿದ" ಫಲಿತಾಂಶ ಬರೆಯುವುದು. ಎರಡನ್ನೂ ಮಾಡಬೇಡಿ. ಸಭೆ ಮುಗಿದ ಮೇಲೆ ಹಾಜರಾತಿ ಪುಸ್ತಕವನ್ನು ಮುಟ್ಟುವ ಅಧಿಕಾರ ನಿಮಗಿಲ್ಲ. ಮತ ಎಣಿಸಿ ಫಲಿತಾಂಶ ಘೋಷಿಸಿದ್ದು ಅಧ್ಯಕ್ಷರು, ಅದನ್ನು ಮನೆಯಲ್ಲಿ ಕೂತು ಬದಲಿಸುವ ಅಧಿಕಾರ ಅವರಿಗೂ ಇಲ್ಲ. ಸಭೆಯೊಳಗೆ ನಡೆದದ್ದಷ್ಟೇ ನಡಾವಳಿಗೆ ಬರಬೇಕು. ತಕರಾರು ಸಭೆ ಮುಗಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಅದಕ್ಕೆ ಈ ನಡಾವಳಿಯಲ್ಲಿ ಜಾಗವಿಲ್ಲ. ಸಭೆಯಲ್ಲೇ ಯಾರಾದರೂ ಎದ್ದು "ಸದಸ್ಯರಲ್ಲದವರೂ ಕೈ ಎತ್ತುತ್ತಿದ್ದಾರೆ" ಎಂದಿದ್ದರೆ ಅವರ ಹೆಸರು, ಅಧ್ಯಕ್ಷರು ಕೊಟ್ಟ ಉತ್ತರ ಎರಡನ್ನೂ ಬರೆಯಲೇಬೇಕು. 61ರಲ್ಲಿ ನಾಲ್ಕು ಸಹಿ ಸದಸ್ಯರದಲ್ಲ ಎಂಬುದು ಪುಸ್ತಕವೇ ಹೇಳುವ ಸಂಗತಿ. ಅದನ್ನು ಬರೆಯಲು ಯಾರ ತಕರಾರಿಗೂ ಕಾಯಬೇಕಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಬರೆಯುತ್ತಿದ್ದೆ. ಚುಕ್ಕೆ ಇರುವಲ್ಲಿ ನಿಮ್ಮ ವಿವರ ತುಂಬಿಕೊಳ್ಳಿ.

"ಹಾಜರಾತಿ: ಒಟ್ಟು ಸದಸ್ಯರು 112. ಹಾಜರಾತಿ ಪುಸ್ತಕದಲ್ಲಿ 61 ಸಹಿಗಳಿದ್ದು, ಅವುಗಳಲ್ಲಿ ಕ್ರಮ ಸಂಖ್ಯೆ ..., ..., ..., ... ರ ನಾಲ್ಕು ಸಹಿಗಳು ಸದಸ್ಯರ ಕುಟುಂಬದವರದ್ದಾಗಿವೆ. ಹಾಜರಿದ್ದ ಸದಸ್ಯರು 57 (ಐವತ್ತೇಳು). ಉಪವಿಧಿ ಸಂಖ್ಯೆ ... ರ ಪ್ರಕಾರ ಬೇಕಾದ ಕೋರಂ ... ಇದ್ದು, ಕೋರಂ ಇರುವುದನ್ನು ಖಚಿತಪಡಿಸಿಕೊಂಡು ಅಧ್ಯಕ್ಷರು ... ಗಂಟೆಗೆ ಸಭೆಯನ್ನು ಆರಂಭಿಸಿದರು.

ವಿಷಯ ಸಂಖ್ಯೆ ...: ನೀರಿನ ಸಂಪು ಮತ್ತು ಪಂಪಿಗಾಗಿ ವಂತಿಗೆ ಸಂಗ್ರಹಿಸುವ ಬಗ್ಗೆ.

ಮೂಲ ಠರಾವು: 'ಬಡಾವಣೆಯಲ್ಲಿ ನೀರಿನ ಸಂಪು ಕಟ್ಟಿಸಿ ಪಂಪು ಅಳವಡಿಸಲು ಪ್ರತಿ ಮನೆಯಿಂದ ರೂ. 6,000 (ಆರು ಸಾವಿರ) ವಂತಿಗೆಯನ್ನು ದಿನಾಂಕ ... ರೊಳಗೆ ಸಂಗ್ರಹಿಸುವುದು.' ಸೂಚಕರು: ಶ್ರೀ/ಶ್ರೀಮತಿ ... (ಸದಸ್ಯತ್ವ ಸಂಖ್ಯೆ ...). ಅನುಮೋದಕರು: ಶ್ರೀ/ಶ್ರೀಮತಿ ... (ಸದಸ್ಯತ್ವ ಸಂಖ್ಯೆ ...).

ತಿದ್ದುಪಡಿ: 'ರೂ. 6,000 ಎಂಬುದರ ಬದಲು ರೂ. 4,000 (ನಾಲ್ಕು ಸಾವಿರ) ಎಂದು ಓದಿಕೊಳ್ಳುವುದು.' ಸೂಚಕರು: ... ಅನುಮೋದಕರು: ...

ತಿದ್ದುಪಡಿಯನ್ನು ಮೊದಲು ಮತಕ್ಕೆ ಹಾಕಲಾಯಿತು. ಕೈ ಎತ್ತುವ ಮೂಲಕ ಮತ ಎಣಿಸಲಾಗಿ ಪರ 24 (ಇಪ್ಪತ್ತನಾಲ್ಕು), ವಿರೋಧ 26 (ಇಪ್ಪತ್ತಾರು), ತಟಸ್ಥ 2 (ಎರಡು). ತಿದ್ದುಪಡಿ ಬಿದ್ದುಹೋಗಿದೆ ಎಂದು ಅಧ್ಯಕ್ಷರು ಘೋಷಿಸಿದರು. ಬಳಿಕ ಮೂಲ ಠರಾವನ್ನು ಮತಕ್ಕೆ ಹಾಕಲಾಗಿ ಪರ 29 (ಇಪ್ಪತ್ತೊಂಬತ್ತು), ವಿರೋಧ 19 (ಹತ್ತೊಂಬತ್ತು), ತಟಸ್ಥ 4 (ನಾಲ್ಕು). ಠರಾವು ಬಹುಮತದಿಂದ ಅಂಗೀಕಾರವಾಗಿದೆ ಎಂದು ಅಧ್ಯಕ್ಷರು ಘೋಷಿಸಿದರು. ಮತ ಎಣಿಸಿದವರು: ... ಮತ್ತು ..."

"ಅಧ್ಯಕ್ಷರು ಘೋಷಿಸಿದರು" ಎಂದು ಎರಡು ಸಲ ಬರೆದಿದ್ದೇನೆ, ಅದು ಕೈತಪ್ಪಿ ಬಂದದ್ದಲ್ಲ. "ಠರಾವು ಅಂಗೀಕಾರವಾಯಿತು" ಎಂದರೆ ಆ ಮಾತಿಗೆ ಕಾರ್ಯದರ್ಶಿ ಹೊಣೆ. "ಅಂಗೀಕಾರವಾಗಿದೆ ಎಂದು ಅಧ್ಯಕ್ಷರು ಘೋಷಿಸಿದರು" ಎಂದರೆ ನಿಮ್ಮ ಕಿವಿಗೆ ಬಿದ್ದದ್ದನ್ನು ಬರೆದಂತೆ. ನಾಳೆ ಎಣಿಕೆ ತಪ್ಪೆಂದು ತೀರ್ಮಾನವಾದರೂ ಈ ವಾಕ್ಯ ಸುಳ್ಳಾಗುವುದಿಲ್ಲ.

ಸೂಚಕರ ಹೆಸರಿನ ಜೊತೆ ಸದಸ್ಯತ್ವ ಸಂಖ್ಯೆ ಏಕೆ ಎಂದು ಕೇಳಬಹುದು. ನಮ್ಮ ಕಡೆ ಬಸವರಾಜ, ಮಲ್ಲಿಕಾರ್ಜುನ ಎಂದು ಕರೆದರೆ ಬೀದಿಗೆ ಇಬ್ಬರು ತಿರುಗಿ ನೋಡುತ್ತಾರೆ. ಬರೀ ಹೆಸರು ಬರೆದರೆ ಎರಡು ವರ್ಷಗಳ ನಂತರ "ಅದು ನಾನಲ್ಲ, ಮೂರನೇ ಅಡ್ಡರಸ್ತೆಯವರು" ಎಂಬ ಮಾತು ಬರುತ್ತದೆ. ಇನ್ನೊಂದು ಎಚ್ಚರಿಕೆ: ಮೊದಲು ಮಾತಾಡಿದವರೇ ಸೂಚಕರಲ್ಲ. "ಆರು ಸಾವಿರ ಆದರೂ ಆಗಲಿ ಬಿಡಿ" ಎಂದು ಕೂತಲ್ಲಿಂದಲೇ ಹೇಳಿದವರನ್ನು ಸೂಚಕರೆಂದು ಬರೆದರೆ, ಅವರೇ ಕೊನೆಗೆ ವಿರೋಧವಾಗಿ ಕೈ ಎತ್ತಿರುವುದೂ ಉಂಟು. "ನಾನು ಈ ಠರಾವನ್ನು ಸೂಚಿಸುತ್ತೇನೆ" ಎಂದೋ, ಅಧ್ಯಕ್ಷರು "ಸೂಚಕರು ಯಾರು?" ಎಂದಾಗ "ನಾನು" ಎಂದೋ ಒಪ್ಪಿಕೊಂಡವರು ಮಾತ್ರ ಸೂಚಕರು. ಅನುಮೋದಕರಿಗೂ ಇದೇ ಮಾತು. ನಿಮ್ಮ ಸಭೆಯಲ್ಲಿ ಯಾರೆಂದು ಖಚಿತವಿಲ್ಲದಿದ್ದರೆ ಈಗಲೇ ಅಧ್ಯಕ್ಷರನ್ನು, ಆ ಇಬ್ಬರನ್ನು ಕೇಳಿ ತಿಳಿದುಕೊಳ್ಳಿ. ಜಾಗ ಖಾಲಿ ಇದೆಯೆಂದು ಆಡಳಿತ ಮಂಡಳಿಯ ಯಾರದೋ ಹೆಸರು ತುಂಬಬೇಡಿ.

ಮಾದರಿಯಲ್ಲಿ "ಪ್ರತಿ ಮನೆಯಿಂದ" ಎಂದು ಬಿಟ್ಟಿದ್ದೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಹಾಗೆಯೇ ಇದೆ. ನನ್ನ ಕಣ್ಣಿಗೆ ಕೈ ಎಣಿಕೆಯಷ್ಟೇ ದೊಡ್ಡ ತೊಂದರೆ ಇದು. ಗೃಹ ನಿರ್ಮಾಣ ಸಂಘದಲ್ಲಿ ನಿವೇಶನ ಕೊಂಡು ಮನೆ ಕಟ್ಟದೆ ಬಿಟ್ಟವರು ಇರುತ್ತಾರೆ, ಕೆಲವರು ಹೊಸಪೇಟೆಯಲ್ಲೋ ಬೆಂಗಳೂರಿನಲ್ಲೋ ಇದ್ದು ಇಲ್ಲಿ ಖಾಲಿ ಜಾಗವನ್ನಷ್ಟೇ ಇಟ್ಟುಕೊಂಡಿರುತ್ತಾರೆ. ಅವರು ಕೊಡಬೇಕೇ, ಬೇಡವೇ? 112 ಸದಸ್ಯರೂ ಕೊಟ್ಟರೆ 6,72,000 ರೂಪಾಯಿ. ಇಪ್ಪತ್ತು ಖಾಲಿ ನಿವೇಶನಗಳಿದ್ದು ಅವರನ್ನು ಬಿಟ್ಟರೆ 5,52,000. ಒಂದು ಪದದಿಂದ 1,20,000 ರೂಪಾಯಿ ಅತ್ತಿತ್ತ ಆಗುತ್ತದೆ. ಹಾಗೆಂದು ನೀವು ಈಗ "ಪ್ರತಿ ಸದಸ್ಯರಿಂದ" ಎಂದು ಬದಲಿಸಿ ಬರೆಯುವಂತಿಲ್ಲ. ಸಭೆಯಲ್ಲಿ ಓದಿದ ಮಾತು ಯಾವುದೋ ಅದೇ ನಡಾವಳಿಗೆ ಬರಬೇಕು, ಒರಟಾಗಿದ್ದರೆ ಒರಟಾಗಿಯೇ. ಇದಕ್ಕೆ ಮದ್ದು ಮುಂದಿನ ಸಭೆಯಲ್ಲಿದೆ: ಮತಕ್ಕೆ ಹಾಕುವ ಮುನ್ನ ಠರಾವನ್ನು ಒಂದು ಹಾಳೆಯಲ್ಲಿ ಬರೆದು, ಸೂಚಕರ ಸಹಿ ಪಡೆದು, ಗಟ್ಟಿಯಾಗಿ ಓದಬೇಕು. ಬಳ್ಳಾರಿಯ ಸಭೆಗಳಲ್ಲಿ ಚರ್ಚೆ ಅರ್ಧ ತೆಲುಗಿನಲ್ಲಿ ನಡೆಯುತ್ತದೆ, ಉರ್ದುವೂ ಬರುತ್ತದೆ. ಕನ್ನಡದಲ್ಲಿ ಓದಿದ ಮೇಲೆ ತೆಲುಗಿನಲ್ಲಿಯೂ ಒಮ್ಮೆ ಹೇಳಿಸಿ, ಹಾಗೆ ಹೇಳಿದ್ದನ್ನು ನಡಾವಳಿಯಲ್ಲಿ ಒಂದು ಸಾಲು ದಾಖಲಿಸಿ. "ನಮಗೆ ಅರ್ಥವಾಗಲಿಲ್ಲ, ಸುಮ್ಮನೆ ಕೈ ಎತ್ತಿದೆವು" ಎಂಬ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ವಿಷಯ ಸಂಖ್ಯೆಯ ಚುಕ್ಕೆಯನ್ನು ತುಂಬುವಾಗ ಸಭೆಯ ನೋಟಿಸನ್ನು ಪಕ್ಕದಲ್ಲಿಟ್ಟುಕೊಳ್ಳಿ. ವಂತಿಗೆಯ ವಿಷಯ ನೋಟಿಸಿನಲ್ಲಿ ಸ್ವತಂತ್ರವಾಗಿ ಇತ್ತೇ, ಅಥವಾ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಎಂಬ ಸಾಲಿನಡಿ ಬಂತೇ? ಸದಸ್ಯರ ಜೇಬಿನಿಂದ ದುಡ್ಡು ತೆಗೆಯುವ ವಿಷಯವನ್ನು ಆ ಕೊನೆಯ ಸಾಲಿನಲ್ಲಿ ತಂದಿದ್ದರೆ, ಅಂದು ಬಾರದ 55 ಸದಸ್ಯರು "ನಮಗೆ ಗೊತ್ತಿದ್ದರೆ ಬರುತ್ತಿದ್ದೆವು" ಎನ್ನಬಹುದು, ಅವರ ಮಾತಿಗೆ ತೂಕವಿದೆ. ಜೊತೆಗೆ ನಿಮ್ಮ ಉಪವಿಧಿ ತೆರೆದು, ಇಂಥ ವಂತಿಗೆಗೆ ಸಾಮಾನ್ಯ ಬಹುಮತ ಸಾಕೇ ಎಂದು ನೋಡಿ. ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಬೇಕು ಎಂದಿದ್ದರೆ ತಟಸ್ಥರನ್ನು ಬಿಟ್ಟು 48ರ ಮೂರನೇ ಎರಡು ಭಾಗ, ಅಂದರೆ 32 ಮತ ಬೇಕಾಗುತ್ತದೆ. ನಿಮ್ಮ 29 ಸಾಲುವುದಿಲ್ಲ.

ಚರ್ಚೆಯನ್ನು ಎಷ್ಟು ಬರೆಯಬೇಕು ಎಂಬ ಪ್ರಶ್ನೆಯೂ ನಿಮಗೆ ಎದುರಾಗುತ್ತದೆ. ಎರಡು ಮೂರು ವಾಕ್ಯ ಸಾಕು: ಕಾರ್ಪೊರೇಷನ್ ನೀರು ಸಾಲದೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಗಿದೆ ಎಂದು ಕೆಲವರು, ಅಂದಾಜು ಪಟ್ಟಿ ಒಬ್ಬರೇ ಗುತ್ತಿಗೆದಾರರಿಂದ ಬಂದದ್ದೆಂದು ಕೆಲವರು, ಹೀಗೆ. ಯಾರು ಯಾರನ್ನು ಏನೆಂದು ಬೈದರು ಎಂಬುದು ಬೇಡ. ಆದರೆ ಸೋತವರಲ್ಲಿ ಯಾರಾದರೂ "ನನ್ನ ವಿರೋಧವನ್ನು ಹೆಸರು ಸಹಿತ ದಾಖಲಿಸಿ" ಎಂದು ಸಭೆಯಲ್ಲೇ ಕೇಳಿದ್ದರೆ ಹೆಸರು ಬರೆಯಿರಿ. ಅದನ್ನು ತಪ್ಪಿಸಿದ ಕಾರ್ಯದರ್ಶಿಗಳೇ ಆಮೇಲೆ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರ ವ್ಯಾಜ್ಯದಲ್ಲಿ ಉತ್ತರ ಕೊಡಲು ತಡಕಾಡುತ್ತಾರೆ.

ಬರೆಯುವುದನ್ನು ಇಂದೇ ಮುಗಿಸಿ. ಪುಟ ಸಂಖ್ಯೆ ಇರುವ ನಡಾವಳಿ ಪುಸ್ತಕದಲ್ಲೇ ಬರೆಯಿರಿ. ಕಂಪ್ಯೂಟರಿನಲ್ಲಿ ಟೈಪು ಮಾಡಿ ಅಂಟಿಸುವ ರೂಢಿಯಿದ್ದರೆ ಹಾಳೆ ಮತ್ತು ಪುಸ್ತಕ ಎರಡರ ಮೇಲೂ ಹಾಯುವಂತೆ ಅಧ್ಯಕ್ಷರ ಸಹಿ ಇರಲಿ. ತಪ್ಪು ಬರೆದರೆ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಕಿರುಸಹಿ ಮಾಡಿ. ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ. ಎಣಿಸಿದವರು ಅಂಕಿ ಗುರುತು ಹಾಕಿಕೊಂಡ ಚೀಟಿ, ಅದು ಮದುವೆ ಪತ್ರಿಕೆಯ ಹಿಂಬದಿಯೇ ಆಗಿದ್ದರೂ, ಕಡತದಲ್ಲಿ ಇರಲಿ.

ಇನ್ನು ಆ ನಾಲ್ಕು ಕೈಗಳ ವಿಷಯ. ತಕರಾರು ಮಾಡುತ್ತಿರುವವರಿಗೆ ವಾಟ್ಸ್ಆ್ಯಪ್ ಬಿಟ್ಟು ಅಧ್ಯಕ್ಷರ ಹೆಸರಿಗೆ ಪತ್ರ ಕೊಡಲು ಹೇಳಿ, ಪತ್ರ ಬಂದದ್ದಕ್ಕೆ ಸ್ವೀಕೃತಿ ಕೊಡಿ. ಆ ಪತ್ರ ಆಡಳಿತ ಮಂಡಳಿಯ ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಾಗಲಿ, ಅಲ್ಲಿಯೇ ವಿಶೇಷ ಸರ್ವಸದಸ್ಯರ ಸಭೆ ಕರೆಯುವ ತೀರ್ಮಾನವೂ ಆಗಲಿ. "ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು" ಎಂಬ ವಿಷಯದಡಿ ಇದನ್ನು ತೀರಿಸಿಕೊಳ್ಳಲು ಹೋಗಬೇಡಿ. ಅಲ್ಲಿ ಕೇಳುವುದು ನಡೆದದ್ದನ್ನು ಸರಿಯಾಗಿ ಬರೆದಿದ್ದಾರೆಯೇ ಎಂದಷ್ಟೇ. ನಿರ್ಣಯ ಬದಲಾಗಬೇಕಾದರೆ ನೋಟಿಸಿನಲ್ಲಿ ಬೇರೆ ವಿಷಯವಾಗಿಯೇ ಬರಬೇಕು. ಸೆಪ್ಟೆಂಬರ್ 25ರೊಳಗೆ ನಡೆಯಬೇಕಾದ ವಾರ್ಷಿಕ ಸಭೆ ಹತ್ತಿರದಲ್ಲಿದ್ದರೆ ಅದರ ನೋಟಿಸಿನಲ್ಲಿಯೇ ಸೇರಿಸಬಹುದು, ಎರಡೆರಡು ಸಲ ಶಾಮಿಯಾನ ಹಾಕಿಸುವ ಖರ್ಚು ಉಳಿಯುತ್ತದೆ.

ಆ ಸಭೆಯಲ್ಲಿ ಹಾಜರಾತಿ ಪುಸ್ತಕದ ಪಕ್ಕ ಸದಸ್ಯರ ಪಟ್ಟಿ ಹಿಡಿದು ಒಬ್ಬರು ಕೂರಲಿ. ಸದಸ್ಯರು ಸಹಿ ಮಾಡಿದ ಕೂಡಲೇ ಸದಸ್ಯತ್ವ ಸಂಖ್ಯೆ ಬರೆದ ಬಣ್ಣದ ಚೀಟಿ ಕೊಡಲಿ. ಕುಟುಂಬದವರು ಬಂದರೆ ಬೇರೆ ಪುಟದಲ್ಲಿ ಸಹಿ ಮಾಡಿ ಹಿಂದಿನ ಸಾಲಿನಲ್ಲಿ ಕೂರಲಿ, ಚೀಟಿ ಬೇಡ. ಮತ ಕೇಳಿದಾಗ ಕೈಯ ಬದಲು ಚೀಟಿ ಎತ್ತಿಸಿ, ಎರಡೂ ಪಕ್ಷದಿಂದ ಒಬ್ಬೊಬ್ಬರನ್ನು ಎಣಿಸಲು ನಿಲ್ಲಿಸಿ. ವಿಷಯದ ಶೀರ್ಷಿಕೆ "ವಂತಿಗೆಯ ಮೊತ್ತ ಮತ್ತು ಅದು ಖಾಲಿ ನಿವೇಶನದಾರರಿಗೂ ಅನ್ವಯಿಸುವ ಬಗ್ಗೆ" ಎಂದಿರಲಿ. ಅಲ್ಲಿಯವರೆಗೆ 6,000ಕ್ಕೆ ರಸೀದಿ ಹರಿಯಬೇಡಿ. ಕೊಡಲು ತಾವಾಗಿ ಮುಂದೆ ಬಂದವರಿಗೂ ಸಭೆ ಮುಗಿಯಲಿ ಎಂದು ಹೇಳಿ ಕಳಿಸಿ, ಪಡೆದ ಮೇಲೆ ತಲಾ 2,000 ವಾಪಸು ಕೊಡುವ ಲೆಕ್ಕ ಬರೆಯುವುದು ಇದಕ್ಕಿಂತ ದೊಡ್ಡ ತಲೆನೋವು.